ಭಾನುವಾರದ ತಲೆನೋವು

ಹೊಸೂರು ಸಿಪ್ಕಾಟಿನ ಒಂದು ಕಾರ್ಖಾನೆಯಲ್ಲಿ ನಾನು ಕೆಲವು ವರ್ಷ ನೈಟ್ ಶಿಫ್ಟ್ ಮಾಡಿದೆ. ರಾತ್ರಿ 11ಕ್ಕೆ ಒಳಗೆ ಹೋದರೆ ಬೆಳಗ್ಗೆ 7ಕ್ಕೆ ಹೊರಗೆ. ಆ ದಿನಗಳಲ್ಲಿ ಪ್ರತಿ ಭಾನುವಾರ ಮಧ್ಯಾಹ್ನಕ್ಕೆ ನನಗೆ ತಲೆನೋವು ಶುರುವಾಗೋದು. ಹಣೆಯಿಂದ ಹಿಡಿದು ಹಿಂದಲೆವರೆಗೂ ಭಾರ. ನಮ್ಮಮ್ಮ “ಪಿತ್ತ ಕಣೋ, ಹೊತ್ತಿಗೆ ಸರಿಯಾಗಿ ಉಣ್ಣಲ್ಲ ನೀನು” ಅನ್ನೋರು. ಆಮೇಲೆ ಸಂಜೆ ಗಟ್ಟಿ ಡಿಕಾಕ್ಷನ್ ಹಾಕಿ ಒಂದು ಲೋಟ ಕಾಫಿ ಕೊಟ್ಟರೆ ಮುಕ್ಕಾಲು ಗಂಟೆಯಲ್ಲಿ ನೋವು ಮಾಯ. ಪಿತ್ತಕ್ಕೆ ಕಾಫಿ ಮದ್ದಾಗೋದು ಹೇಗೆ ಅಂತ ನನಗೆ ಆಗಲೇ ಅನುಮಾನ ಬರಬೇಕಿತ್ತು.

ಕಾರಣ ಗೊತ್ತಾಗಿದ್ದು ತಡವಾಗಿ. ನಮ್ಮ ಮಿದುಳು ಎಚ್ಚರವಾಗಿದ್ದು ಕೆಲಸ ಮಾಡಿದಷ್ಟೂ ಅದರಲ್ಲಿ ಅಡಿನೊಸಿನ್ ಅನ್ನೋ ಪದಾರ್ಥ ಸೇರುತ್ತಾ ಹೋಗುತ್ತೆ. ಒಲೆ ಉರಿದಷ್ಟೂ ಬೂದಿ ಸೇರೋ ಹಾಗೆ, ಜೀವಕೋಶ ಇಂಧನ ಖರ್ಚು ಮಾಡಿದ ಮೇಲೆ ಉಳಿಯೋದು ಇದು. ಮಿದುಳಿನ ಕೋಶಗಳ ಮೇಲೆ ಇದಕ್ಕೆಂದೇ ಕೂರೋ ಜಾಗಗಳಿವೆ. ಅಲ್ಲಿ ಅಡಿನೊಸಿನ್ ಕೂತರೆ “ಸಾಕು, ನಿಧಾನ ಮಾಡು” ಅನ್ನೋ ಸುದ್ದಿ ಹೋಗುತ್ತೆ, ನಮಗೆ ತೂಕಡಿಕೆ ಬರುತ್ತೆ. ನಿದ್ದೆ ಮಾಡಿದಾಗ ಅದು ಕರಗುತ್ತೆ.

ಕಾಫಿಯಲ್ಲಿರೋ ಕೆಫೀನ್ ಏನು ಮಾಡುತ್ತೆ ಅನ್ನೋದಕ್ಕೆ ನಮ್ಮ ಹೊಸೂರು ಬಸ್‌ಸ್ಟ್ಯಾಂಡೇ ಸಾಕು. ಡೆಂಕಣಿಕೋಟೆ ಬಸ್ಸು ಬಂದು ನಿಲ್ಲೋಕೆ ಮುಂಚೆಯೇ ಯಾರೋ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡೀತಾರಲ್ಲ, ಹಾಗೆ. ಕೆಫೀನಿನ ಆಕಾರ ಅಡಿನೊಸಿನ್‌ಗೆ ಹತ್ತಿರ. ಅದಕ್ಕೆ ಆ ಸೀಟಿನಲ್ಲಿ ಕೂರಕ್ಕಾಗುತ್ತೆ, ಆದರೆ “ನಿಧಾನ ಮಾಡು” ಅಂತ ಹೇಳಲ್ಲ. ಸುಮ್ಮನೆ ಜಾಗ ಹಿಡಿದಿರುತ್ತೆ. ಅಡಿನೊಸಿನ್ ಇಳಿದು ಹೋಗಿರಲ್ಲ, ನಿಂತುಕೊಂಡೇ ಇರುತ್ತೆ, ಇನ್ನೂ ಹತ್ತುತ್ತಲೇ ಇರುತ್ತೆ. ಅಂದರೆ ಕಾಫಿ ದಣಿವನ್ನು ತೆಗೆಯಲ್ಲ, ದಣಿವಿನ ಸುದ್ದಿಯನ್ನು ತಡೆಯುತ್ತೆ ಅಷ್ಟೇ. ಟವಲ್ ತೆಗೆದ ಕೂಡಲೇ ನಿಂತವರೆಲ್ಲ ಒಟ್ಟಿಗೆ ಕೂರ್ತಾರೆ.

ಆ ಟವಲ್ ಬೇಗ ತೆಗೆಯೋದೂ ಇಲ್ಲ. ಕುಡಿದ ಕೆಫೀನಿನಲ್ಲಿ ಅರ್ಧ ಕರಗೋಕೆ ಸಾಮಾನ್ಯವಾಗಿ 5 ಗಂಟೆ ಬೇಕು. ಕೆಲವರಿಗೆ ಕಡಿಮೆ, ಬಸುರಿಯರಿಗೆ ಬಹಳ ಜಾಸ್ತಿ. ನನ್ನ ಲೆಕ್ಕ ಹೀಗಿತ್ತು: 11ಕ್ಕೆ, 1ಕ್ಕೆ, 3ಕ್ಕೆ, 5ಕ್ಕೆ ಒಂದೊಂದು ಲೋಟ. ಕಡೇ ಲೋಟದಲ್ಲಿ 80 ಮಿಲಿಗ್ರಾಂ ಕೆಫೀನ್ ಇತ್ತು ಅಂತಿಟ್ಟುಕೊಳ್ಳಿ. ಬೆಳಗ್ಗೆ 10ಕ್ಕೆ 40 ಉಳಿದಿರುತ್ತೆ, ಮಧ್ಯಾಹ್ನ 3ಕ್ಕೆ 20. ಹಿಂದಿನ ಮೂರು ಲೋಟದ್ದು ಬೇರೆ. ಒಂಬತ್ತಕ್ಕೆ ಕಂಬಳಿ ಹೊದ್ದು ಮಲಗಿ, ನಿದ್ದೆ ಬರದಿದ್ದಕ್ಕೆ ಪಕ್ಕದ ಮನೆ ಮೋಟರನ್ನು ಬೈಯ್ತಾ ಇದ್ದೆ.

ಇನ್ನು ಭಾನುವಾರದ ವಿಷಯ. ದಿನಾ ಸೀಟುಗಳಿಗೆ ಟವಲ್ ಬಿದ್ದರೆ ಮಿದುಳು ಸುಮ್ಮನಿರಲ್ಲ, ಸುದ್ದಿ ಬರ್ತಿಲ್ಲ ಅಂತ ಇನ್ನಷ್ಟು ಸೀಟು ಹಾಕುತ್ತೆ. ಇಲಿಗಳಿಗೆ ಕೆಫೀನ್ ಕೊಟ್ಟು, ಹೀಗೆ ಹೆಚ್ಚಾದದ್ದನ್ನು ಎಣಿಸಿ ನೋಡಿದ್ದಾರೆ. ಮನುಷ್ಯರಲ್ಲಿ ಇದೊಂದೇ ಕಾರಣ ಅಂತ ಹೇಳಕ್ಕಾಗಲ್ಲ, ಆದರೆ ಮುಖ್ಯವಾದದ್ದು ಇದು ಅಂತಾರೆ. ಸೀಟು ಹೆಚ್ಚಾದ ಮೇಲೆ ಮೊದಲಿನ ಒಂದು ಲೋಟ ಎಲ್ಲವನ್ನೂ ಹಿಡಿಯಲ್ಲ. ಶುರುವಿನಲ್ಲಿ ನನಗೆ ಎರಡು ಲೋಟ ಸಾಕಾಗ್ತಿತ್ತು, ನಾಲ್ಕಾಗಿದ್ದು ಹೀಗೇ. ಶನಿವಾರ ಬೆಳಗ್ಗೆ ಕಡೇ ಲೋಟ. ಮನೆಯಲ್ಲಿ ಅಮ್ಮ ಅರ್ಧಕ್ಕರ್ಧ ಚಿಕೋರಿ ಬೆರೆಸಿ ಹಾಲು ಕಾಫಿ ಮಾಡೋರು, ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಟವಲ್‌ಗಳೆಲ್ಲ ಹೋಗಿ, ಹೆಚ್ಚಾದ ಸೀಟುಗಳೆಲ್ಲ ಭರ್ತಿ. ಅಡಿನೊಸಿನ್ ತಲೆಯ ರಕ್ತನಾಳಗಳನ್ನು ಹಿಗ್ಗಿಸುತ್ತೆ, ತಲೆ ಸಿಡಿಯೋದು ಅದಕ್ಕೇ. ಒಂದು ಗಟ್ಟಿ ಲೋಟ ಬಿದ್ದರೆ ಕುಗ್ಗುತ್ತೆ. ಅಂಗಡಿಯ ಕೆಲವು ತಲೆನೋವಿನ ಮಾತ್ರೆಗಳಲ್ಲೂ ಕೆಫೀನ್ ಇರುತ್ತೆ, ಅದು ನುಂಗಿದರೂ ಅದೇ ಕಥೆ.

ತಲೆನೋವು ಕಾಫಿದೋ ಬೇರೆಯದೋ ಅಂತ ಗುರುತು ಹಿಡಿಯೋದು ಕಷ್ಟವಲ್ಲ. ಕಡೇ ಕಾಫಿಯಿಂದ ಎಣಿಸಿ 12ರಿಂದ 24 ಗಂಟೆಯೊಳಗೆ ಶುರುವಾಗಿ, ಕುಡಿದರೆ ಒಂದು ಗಂಟೆಯಲ್ಲಿ ಇಳಿದರೆ ಅದು ಬಹುತೇಕ ಕಾಫಿದೇ. ಜ್ವರ, ವಾಂತಿ, ಕಣ್ಣು ಮಂಜು ಇದ್ದರೆ ಈ ಲೆಕ್ಕ ಬಿಟ್ಟು ಡಾಕ್ಟರ್ ಹತ್ತಿರ ಹೋಗಬೇಕು.

ನಾನು ಒಮ್ಮೆಲೇ ಬಿಡೋಕೆ ಹೋಗಿ ಎರಡು ದಿನ ಮನೆಯವರ ಮೇಲೆಲ್ಲ ರೇಗಾಡಿ ಸೋತೆ. ಆಮೇಲೆ ನಾಲ್ಕು ದಿನಕ್ಕೊಂದು ಲೋಟದ ಹಾಗೆ ಇಳಿಸಿದೆ. 5 ಗಂಟೆಯದು ಮೊದಲು ಹೋಯ್ತು, ಆಮೇಲೆ 3 ಗಂಟೆಯದು. 3ಕ್ಕೆ ಬ್ರೇಕಿನಲ್ಲಿ ಮೇಜಿನ ಮೇಲೆ ತಲೆಯಿಟ್ಟು ಇಪ್ಪತ್ತು ನಿಮಿಷ ಕಣ್ಣು ಮುಚ್ತಿದ್ದೆ. ಸೂಪರ್‌ವೈಸರ್ ನೋಡಿದರೂ ನೋಡದ ಹಾಗೆ ಹೋಗ್ತಿದ್ದ, ಅವನ ಕೈಯಲ್ಲೂ ಲೋಟ ಇರ್ತಿತ್ತು. ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಮುದ್ದೆ ಉಂಡು ಜಗಲಿ ಮೇಲೆ ಕೂತಿದ್ದೆ. ಅಮ್ಮ ಕಾಫಿ ತಂದು, “ತಲೆನೋವು ಇನ್ನೂ ಬರಲಿಲ್ವೇನೋ?” ಅಂದ್ರು. ಅವರು ಕೇಳಿದ ಮೇಲೇ ನನಗೂ ನೆನಪಾಗಿದ್ದು.