ತಲೆಗೆ ಪೆಟ್ಟು ಬಿದ್ದ ದಿನ ಆಟ ಮುಗಿಯಿತು

2019ರ ಆಗಸ್ಟ್ 17ರಂದು ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ನಡೆದದ್ದು ಕ್ರಿಕೆಟ್ ನೋಡುವ ಮಕ್ಕಳಿಗೂ ನನ್ನಂಥ ತಾತಂದಿರಿಗೂ ನೆನಪಿರಬಹುದು. ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ 80 ರನ್ ಹೊಡೆದು ಆಡುತ್ತಿದ್ದ. ಇಂಗ್ಲೆಂಡಿನ ಜೋಫ್ರಾ ಆರ್ಚರ್ ಗಂಟೆಗೆ ಸುಮಾರು 148 ಕಿಲೋಮೀಟರ್ ವೇಗದಲ್ಲಿ ಎಸೆದ ಚೆಂಡು ಅವನ ಕಿವಿಯ ಕೆಳಗೆ, ಕುತ್ತಿಗೆಗೆ ಬಡಿಯಿತು. ಸ್ಮಿತ್ ಬಿದ್ದ. ವೈದ್ಯರು ಬಂದರು, ಹೊರಗೆ ಕರೆದೊಯ್ದು ಪರೀಕ್ಷಿಸಿದರು. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸುಮಾರು ನಲವತ್ತು ನಿಮಿಷದಲ್ಲಿ ಅವನು ಮತ್ತೆ ಬ್ಯಾಟ್ ಹಿಡಿದು ಬಂದ. ಇನ್ನೂ 12 ರನ್ ಸೇರಿಸಿ ಔಟಾದ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮರುದಿನ ಬೆಳಿಗ್ಗೆ ಎದ್ದಾಗ ಅವನಿಗೆ ತಲೆನೋವು, ಮಂಕು. ತಕ್ಷಣ ಅವನನ್ನು ಪಂದ್ಯದಿಂದ ಹಿಂದಕ್ಕೆ ಪಡೆದರು. ತಲೆಪೆಟ್ಟಾದವರ ಬದಲಿಗೆ ಇನ್ನೊಬ್ಬ ಆಟಗಾರನನ್ನು ಪೂರ್ತಿಯಾಗಿ ಆಡಿಸಬಹುದು ಎಂಬ ನಿಯಮ ಅದೇ ತಿಂಗಳು ಜಾರಿಗೆ ಬಂದಿತ್ತು. ಅದರಂತೆ ಮಾರ್ನಸ್ ಲಬುಶೇನ್ ಬಂದು, ಟೆಸ್ಟ್ ಇತಿಹಾಸದಲ್ಲೇ ಇಂಥ ಮೊದಲ ಬದಲಿ ಆಟಗಾರನಾದ. ಮುಂದಿನ ಟೆಸ್ಟಿನಲ್ಲೂ ಸ್ಮಿತ್ ಆಡಲಿಲ್ಲ.

ಅಂದರೆ ಜಗತ್ತಿನ ಒಳ್ಳೆಯ ವೈದ್ಯರು ಪಕ್ಕದಲ್ಲೇ ನಿಂತು ನೋಡಿದ ದಿನವೂ ಈ ಪೆಟ್ಟು ತನ್ನನ್ನು ತೋರಿಸಿಕೊಳ್ಳಲಿಲ್ಲ. ವೈದ್ಯರೇ ಇಲ್ಲದ ನಮ್ಮ ಶಾಲೆಯ ಮೈದಾನದಲ್ಲಿ, ಒಂದು ಸೀಟಿ ಕೊರಳಿಗೆ ಹಾಕಿಕೊಂಡು ನಿಂತ ಕೋಚ್ ಒಬ್ಬರು ಏನು ಮಾಡಬೇಕು? ಹೋದ ವರ್ಷ ನನ್ನ ಮೊಮ್ಮಗನಿಗೆ ಪೆಟ್ಟಾದಾಗ ಇದನ್ನು ನಾನು ಹತ್ತಿರದಿಂದ ನೋಡಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇದಕ್ಕೆ ವೈದ್ಯರು ಹೇಳುವ ಹೆಸರು ಕನ್ಕಷನ್. ನಮ್ಮ ಮಿದುಳು ತಲೆಬುರುಡೆಯೊಳಗೆ ತೆಳುವಾದ ದ್ರವದಲ್ಲಿ ತೇಲಿದಂತೆ ಇರುತ್ತದೆ. ತಲೆಗೋ ಕುತ್ತಿಗೆಗೋ ಮೈಗೋ ಜೋರಾದ ಪೆಟ್ಟು ಬಿದ್ದು ತಲೆ ಝಾಡಿಸಿದರೆ, ಒಳಗಿನ ಮಿದುಳೂ ಅದುರುತ್ತದೆ. ಬುರುಡೆ ಒಡೆದಿರುವುದಿಲ್ಲ, ರಕ್ತ ಬಂದಿರುವುದಿಲ್ಲ. ಸ್ಕ್ಯಾನ್ ಮಾಡಿಸಿದರೂ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಆದರೆ ಮಿದುಳು ಕೆಲಸ ಮಾಡುವ ರೀತಿ ಕೆಲವು ದಿನ ಏರುಪೇರಾಗಿರುತ್ತದೆ. ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಯುತ್ತದೆ; ಒಳಗಿನ ಅದುರುವಿಕೆಯನ್ನು ಪೂರ್ತಿ ತಡೆಯಲಾರದು. ಇನ್ನೊಂದು ಮಾತು: ಎಚ್ಚರ ತಪ್ಪಿದರೆ ಮಾತ್ರ ಕನ್ಕಷನ್ ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಹೆಚ್ಚಿನವರಿಗೆ ಎಚ್ಚರ ತಪ್ಪುವುದೇ ಇಲ್ಲ.

ನನ್ನ ಮೊಮ್ಮಗನಿಗೆ ಆಗ ಹನ್ನೆರಡು ವರ್ಷ. ಭಾನುವಾರದ ಅಭ್ಯಾಸ ಪಂದ್ಯದಲ್ಲಿ ಮೇಲಕ್ಕೆ ಹಾರಿದ ಒಂದು ಕ್ಯಾಚಿಗೆ ಇಬ್ಬರು ಹುಡುಗರು ಓಡಿದರು. ಇವನ ತಲೆ ಇನ್ನೊಬ್ಬನ ಭುಜಕ್ಕೆ ಬಡಿಯಿತು. ಕೆಲವೇ ಕ್ಷಣದಲ್ಲಿ ಅವನೇ ಎದ್ದು ನಿಂತ, ನಕ್ಕ ಕೂಡ. ಉಳಿದ ಹುಡುಗರು ಚಪ್ಪಾಳೆ ತಟ್ಟಿ ತಮ್ಮ ಜಾಗಕ್ಕೆ ಹೋದರು.

ಕೋಚ್ ಮಾತ್ರ ಅವನನ್ನೇ ನೋಡುತ್ತಿದ್ದರು. ಎದ್ದವನು ಒಂದು ಹೆಜ್ಜೆ ವಾಲಿದ. ತಲೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಮಿಡ್ ಆಫಿನಲ್ಲಿ ನಿಲ್ಲಬೇಕಾದವನು ಸ್ಲಿಪ್ಪಿಗೆ ಹೋಗಿ ನಿಂತ. ಕೋಚ್ ಸೀಟಿ ಊದಿ ಆಟ ನಿಲ್ಲಿಸಿದರು.

ಮೊದಲು ಕುತ್ತಿಗೆ ನೋಯುತ್ತಿದೆಯೇ, ಕೈಕಾಲು ಜೋಮು ಹಿಡಿದಿದೆಯೇ ಎಂದು ವಿಚಾರಿಸಿದರು. ಹೌದು ಎಂದಿದ್ದರೆ ಅವನನ್ನು ಅಲ್ಲಿಂದ ಕದಲಿಸದೆ 108ಕ್ಕೆ ಫೋನ್ ಮಾಡಬೇಕಿತ್ತು. ಇಲ್ಲ ಎಂದಾಗ ಮೆಲ್ಲಗೆ ಹೊಂಗೆ ಮರದ ನೆರಳಿಗೆ ಕರೆದುಕೊಂಡು ಬಂದು ಕೂರಿಸಿದರು. ಆಮೇಲೆ ನಾಲ್ಕು ಸಣ್ಣ ಪ್ರಶ್ನೆ ಕೇಳಿದರು.

"ಈಗ ಯಾವ ಮೈದಾನದಲ್ಲಿದ್ದೀವಿ, ಮರಿ?"

ಸರಿಯಾಗಿ ಹೇಳಿದ.

"ಈಗ ಬೆಳಿಗ್ಗೆಯೋ, ಮಧ್ಯಾಹ್ನ ಊಟ ಆದ ಮೇಲೋ?"

ಅದೂ ಸರಿ.

"ಕಡೇದಾಗಿ ಔಟಾದವರು ಯಾರು?"

ಸ್ವಲ್ಪ ಹೊತ್ತು ಸುಮ್ಮನಿದ್ದು ತಪ್ಪು ಹೆಸರು ಹೇಳಿದ.

"ಹೋದ ವಾರ ಯಾರ ಮೇಲೆ ಆಡಿದ್ವಿ?"

"ಗೊತ್ತಿಲ್ಲ ಸರ್" ಎಂದ. ಆ ಪಂದ್ಯದಲ್ಲಿ ಮೂರು ಕ್ಯಾಚ್ ಹಿಡಿದು ಮನೆಯಲ್ಲಿ ಎರಡು ದಿನ ಅದೇ ಮಾತಾಡಿದ್ದ ಹುಡುಗ!

"ಇವತ್ತು ನಿನ್ನ ಆಟ ಮುಗೀತು" ಎಂದರು ಕೋಚ್. ಹತ್ತು ನಿಮಿಷದಲ್ಲಿ ಅವನು ಗೆಲುವಾದ. ಎಲ್ಲ ಉತ್ತರವನ್ನೂ ಸರಿಯಾಗಿ ಹೇಳಿ, ಬಿಡಿ ಸರ್ ಎಂದು ಗೋಗರೆದ. ಅವರು ಬಿಡಲಿಲ್ಲ. ಆಮೇಲೆ ನನಗೆ ವಿವರಿಸಿದರು: "ಸಾರ್, ಉತ್ತರ ತಪ್ಪಾದರೆ ಅನುಮಾನ ಗಟ್ಟಿಯಾಗುತ್ತೆ. ಉತ್ತರ ಸರಿಯಾದರೆ ಪೆಟ್ಟಿಲ್ಲ ಅಂತ ಅರ್ಥ ಅಲ್ಲ. ಅನುಮಾನ ಬಂದ ದಿನ ಮತ್ತೆ ಆಡಿಸೋ ಹಾಗಿಲ್ಲ."

ಬ್ಯಾಂಕಿನಲ್ಲಿ ಬಾಳೆಲ್ಲ ಕಳೆದ ನನಗೆ ಈ ಮಾತು ಥಟ್ಟನೆ ಅರ್ಥವಾಯಿತು. ಚೆಕ್ಕಿನ ಮೇಲಿನ ಸಹಿಯ ಬಗ್ಗೆ ಅನುಮಾನ ಬಂದರೆ ನಾವು ಹಣ ಕೊಡುತ್ತಿರಲಿಲ್ಲ. ಅದು ಖೋಟಾ ಎಂದು ಸಾಧಿಸುವುದು ಕೌಂಟರಿನವನ ಕೆಲಸವಲ್ಲ. ತಡೆದು ಮೇಲಿನವರಿಗೆ ಕಳಿಸುವುದಷ್ಟೇ ಅವನ ಕೆಲಸ. ಕೋಚ್ ಕೂಡ ಹಾಗೆಯೇ. ಕಾಯಿಲೆ ಯಾವುದೆಂದು ಹೇಳುವವರು ವೈದ್ಯರು; ತಡೆಯುವವರು ಕೋಚ್.

ಅಷ್ಟೇಕೆ ಗಟ್ಟಿ ನಿಲ್ಲಬೇಕು ಎಂದರೆ, ಅದುರಿದ ಮಿದುಳು ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ತೊಂದರೆ ಹೆಚ್ಚಾಗಿ, ಗುಣವಾಗಲು ಬಹಳ ಕಾಲ ಬೇಕಾಗುತ್ತದೆ. ತೀರಾ ಅಪರೂಪಕ್ಕೆ ಮಕ್ಕಳಲ್ಲಿ ಮಿದುಳು ಊದಿಕೊಂಡು ಪ್ರಾಣಕ್ಕೇ ಬಂದದ್ದೂ ಉಂಟು. ಪೆಟ್ಟು ತಿಂದವನು ಮಂದವಾಗಿರುವುದರಿಂದ ಎರಡನೆಯ ಪೆಟ್ಟು ತಪ್ಪಿಸಿಕೊಳ್ಳುವ ಚುರುಕೂ ಅವನಿಗಿರುವುದಿಲ್ಲ.

ಕೋಚ್ ಅವನ ಪಕ್ಕದಲ್ಲಿ ದೊಡ್ಡ ಹುಡುಗನೊಬ್ಬನನ್ನು ಕೂರಿಸಿ ನನಗೆ ಫೋನ್ ಮಾಡಿದರು. ಅವನನ್ನು ಸೈಕಲ್ಲಿನಲ್ಲಿ ಒಬ್ಬನೇ ಮನೆಗೆ ಕಳಿಸಲಿಲ್ಲ. ನಾನು ಹೋದಾಗ ಒಂದು ಚೀಟಿ ಕೊಟ್ಟರು. ತಲೆನೋವು ಹೆಚ್ಚುತ್ತಾ ಹೋದರೆ, ವಾಂತಿಯಾದರೆ, ಒಂದು ವಸ್ತು ಎರಡಾಗಿ ಕಂಡರೆ, ಫಿಟ್ಸ್ ಬಂದರೆ, ಕೈಕಾಲು ಸೋತರೆ, ಮಂಪರು ಹೆಚ್ಚಿ ಎಬ್ಬಿಸಲು ಕಷ್ಟವಾದರೆ, ಇಲ್ಲದ ರೇಗಾಟ ಶುರುವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂದು ಅದರಲ್ಲಿ ಬರೆದಿತ್ತು. ಮೊದಲ ಮೂರು ಗಂಟೆಯಾದರೂ ಒಂಟಿಯಾಗಿ ಬಿಡಬೇಡಿ, ವೈದ್ಯರನ್ನು ಕೇಳದೆ ನೋವಿನ ಮಾತ್ರೆ ಕೊಡಬೇಡಿ ಎಂದೂ ಇತ್ತು.

ಆ ಸಂಜೆಯೇ ವೈದ್ಯರಿಗೆ ತೋರಿಸಿದೆವು. ಕನ್ಕಷನ್ ಎಂದೇ ಹೇಳಿದರು. ರಾತ್ರಿ ಅವನಿಗೆ ದೀಪದ ಬೆಳಕು ಚುಚ್ಚಿತು, ಟಿ.ವಿ. ಸದ್ದು ಸಹಿಸಲಾಗಲಿಲ್ಲ. ಮೈದಾನದಲ್ಲಿ ಇಲ್ಲದ ತಲೆನೋವು ಮನೆಗೆ ಬಂದ ಮೇಲೆ ಬಂತು.

ಇನ್ನು ಮೈದಾನಕ್ಕೆ ಮರಳುವ ದಾರಿ. ಅದು ಮೆಟ್ಟಿಲು ಹತ್ತಿದಂತೆ. ಒಂದೊಂದು ಮೆಟ್ಟಿಲಲ್ಲೂ ಕಡಿಮೆಯೆಂದರೆ ಒಂದು ದಿನ ನಿಲ್ಲಬೇಕು.

ಮೊದಲ ಎರಡು ದಿನ ಮನೆಯಲ್ಲೇ ಇದ್ದ. ಕತ್ತಲ ಕೋಣೆಯಲ್ಲಿ ಮಲಗಿಸುವ ಅಗತ್ಯವಿಲ್ಲ ಎಂದಿದ್ದರು ವೈದ್ಯರು. ಮನೆಯೊಳಗೆ ಓಡಾಡಬಹುದು, ಮಾತಾಡಬಹುದು. ಮೊಬೈಲ್ ಮಾತ್ರ ದೂರ. ಮೂರನೆಯ ದಿನದಿಂದ ನಾನೂ ಅವನೂ ಇಪ್ಪತ್ತು ನಿಮಿಷ ನಿಧಾನವಾಗಿ ನಡೆದೆವು. ನಾಲ್ಕನೆಯ ದಿನ ಅರ್ಧ ದಿನ ಶಾಲೆ, ಮರು ಸೋಮವಾರದಿಂದ ಪೂರ್ತಿ ಶಾಲೆ. ಪಾಠ ಪೂರ್ತಿ ಕೇಳಲು ಆಗದ ತಲೆ ಪಂದ್ಯಕ್ಕೂ ಸಿದ್ಧವಿಲ್ಲ. ಆದ್ದರಿಂದ ಮೊದಲು ಶಾಲೆ, ಆಮೇಲೆ ಆಟ.

ಎರಡನೆಯ ಮೆಟ್ಟಿಲು ಬಿರುಸು ನಡಿಗೆ, ನಂತರ ಹಗುರ ಓಟ. ಒಂಬತ್ತನೆಯ ದಿನ ಎರಡು ಸುತ್ತು ಓಡಿದಾಗ ತಲೆನೋವು ಮತ್ತೆ ಬಂತು, ಸಂಜೆಯವರೆಗೂ ಹೋಗಲಿಲ್ಲ. ಕೊಂಚ ಭಾರವೆನಿಸಿ ಒಂದು ಗಂಟೆಯೊಳಗೆ ಹೋದರೆ ಚಿಂತೆಯಿಲ್ಲ. ಇದು ಅದಕ್ಕಿಂತ ಹೆಚ್ಚು. ಕೋಚ್ ಬೈಯಲಿಲ್ಲ. "ನಾಳೆ ಓಟ ಬೇಡ, ನಡಿಗೆ ಸಾಕು" ಎಂದರು. ಎರಡು ದಿನ ಬಿಟ್ಟು ಓಡಿದಾಗ ನೋವು ಬರಲಿಲ್ಲ.

ಮೂರನೆಯ ಮೆಟ್ಟಿಲಲ್ಲಿ ಒಬ್ಬನೇ ಓಡುವುದು, ತಿರುಗುವುದು, ಚೆಂಡಿಲ್ಲದೆ ಬ್ಯಾಟ್ ಬೀಸುವುದು. ತಲೆಗೆ ಏನೂ ತಾಗುವ ಸಂಭವವಿಲ್ಲದ ಕೆಲಸಗಳು.

ಅಷ್ಟರಲ್ಲಿ ಹದಿನಾಲ್ಕನೆಯ ದಿನ ಬಂದಿತ್ತು. ಅಂದು ಅವರ ಫೈನಲ್. "ತಾತ, ನನಗೇನೂ ನೋವಿಲ್ಲ, ನೀನು ಹೇಳಿದರೆ ಸರ್ ಕೇಳ್ತಾರೆ" ಎಂದು ಕಣ್ಣಲ್ಲಿ ನೀರು ತಂದುಕೊಂಡ. ನಾನು ಹೇಳಲಿಲ್ಲ. ಪೂರ್ತಿ ನೋವಿಲ್ಲದೆ ಆಗ ಮೂರು ದಿನವಷ್ಟೇ ಆಗಿತ್ತು. ಬ್ರಿಟನ್ನಿನಲ್ಲಿ 2023ರಲ್ಲಿ ಹೊರಬಂದ ಮಾರ್ಗಸೂಚಿಯಲ್ಲಿ 21 ದಿನಕ್ಕೆ ಮೊದಲು ಪಂದ್ಯ ಆಡಿಸಲೇಬಾರದೆಂದಿದೆ. ನಮ್ಮ ಕೋಚ್ ಅದನ್ನೇ ಹಿಡಿದಿದ್ದರು. ಅವನಿಲ್ಲದ ತಂಡ ಎಂಟು ರನ್ನಿನಿಂದ ಸೋತಿತು. ಆ ದಿನ ಮನೆಯಲ್ಲಿ ಅವನು ಯಾರೊಡನೆಯೂ ಮಾತಾಡಲಿಲ್ಲ.

ತಲೆನೋವು, ಮಂಕು ಎಲ್ಲವೂ ಪೂರ್ತಿ ಹೋದ ಮೇಲೆ ವೈದ್ಯರು ಮತ್ತೆ ನೋಡಿ ಒಪ್ಪಿಗೆ ಬರೆದುಕೊಟ್ಟರು. ಅದಿಲ್ಲದೆ ನಾಲ್ಕನೆಯ ಮೆಟ್ಟಿಲಿಲ್ಲ. ಅಲ್ಲಿ ಗೆಳೆಯರ ಜೊತೆ ಅಭ್ಯಾಸ, ಆದರೆ ಢಿಕ್ಕಿಯಾಗದಂಥದ್ದು. ಐದನೆಯದರಲ್ಲಿ ನೆಟ್ಸಿನಲ್ಲಿ ಗಟ್ಟಿ ಚೆಂಡಿನ ಎದುರು ಪೂರ್ತಿ ಅಭ್ಯಾಸ. ಆರನೆಯದು ಪಂದ್ಯ. ಪೆಟ್ಟು ಬಿದ್ದು ಸರಿಯಾಗಿ ನಾಲ್ಕು ವಾರಕ್ಕೆ, ಇನ್ನೊಂದು ಭಾನುವಾರ ಅವನು ಆಡಿದ.

ನಾನು ಈಗ ಸಂಜೆ ಮೈದಾನದ ಅಂಚಿನ ಕಲ್ಲುಬೆಂಚಿನ ಮೇಲೆ ಕೂರುವಾಗ ಸ್ಕೋರಿಗಿಂತ ಹುಡುಗರ ಮುಖವನ್ನು ಹೆಚ್ಚು ನೋಡುತ್ತೇನೆ. ಸಲೀಸಾಗಿ ಮಾತಾಡುವವನು ಮೌನವಾದರೆ, ಗೊತ್ತಿರುವ ಜಾಗ ಮರೆತರೆ, ಸುಮ್ಮಸುಮ್ಮನೆ ಅತ್ತರೆ ಕೋಚ್‌ಗೆ ಹೇಳುತ್ತೇನೆ. ಮಕ್ಕಳೇ, ನೀವೂ ಹೇಳಬಹುದು. ಪೆಟ್ಟು ತಿಂದ ಗೆಳೆಯ "ನನಗೇನೂ ಆಗಿಲ್ಲ, ಹೇಳಬೇಡ" ಎಂದೇ ಅನ್ನುತ್ತಾನೆ. ಹೇಳಿದರೆ ಅದು ಚಾಡಿಯಲ್ಲ. ಅವತ್ತು ಇವನು ಸ್ಲಿಪ್ಪಿಗೆ ಹೋಗಿ ನಿಂತದ್ದನ್ನು ಕೋಚ್‌ಗಿಂತ ಮೊದಲು ಕಂಡವನು ಪಕ್ಕದಲ್ಲಿದ್ದ ವಿಕೆಟ್ ಕೀಪರ್. ಆ ಹುಡುಗ ಈಗ, ಕಂಡರೆ ಕೂಡಲೇ ಕೈ ಎತ್ತುತ್ತಾನೆ.