ಅಮ್ಮ ಬಿದ್ದ ಗುಂಡಿ, ನಾನು ಬರೆದ ಪತ್ರ

ಪತ್ರಿಕೆಗೆ ಮೊದಲ ಪತ್ರವನ್ನು ಅಮ್ಮನ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ ರಾತ್ರಿಯೇ ಬರೆದೆ. ಪುಲಿಕೇಶಿನಗರದಲ್ಲಿ ಅವತ್ತು ಸಂಜೆ ಜೋರು ಮಳೆ ಸುರಿದು ನಿಂತಿತ್ತು. ಮಾಸ್ಕ್ ರೋಡಿನಿಂದ ನಮ್ಮ ಅಡ್ಡರಸ್ತೆಗೆ ಸ್ಕೂಟರ್ ತಿರುಗಿಸಿದೆ. ರಸ್ತೆ ತುಂಬ ಕಂದು ನೀರು, ಆಳ ಎಲ್ಲಿ, ನೆಲ ಎಲ್ಲಿ ಎಂದು ತಿಳಿಯುವಂತಿರಲಿಲ್ಲ. ಮುಂದಿನ ಚಕ್ರ ಧಡಕ್ಕನೆ ಇಳಿಯಿತು. ಸ್ಕೂಟರ್ ಎಡಕ್ಕೆ ವಾಲಿದಾಗ ನಾನು ಕಾಲೂರಿ ಉಳಿದುಕೊಂಡೆ. ಹಿಂದೆ ಒಂದು ಬದಿಗೆ ಕಾಲು ಹಾಕಿ ಕೂತಿದ್ದ ಅಮ್ಮ ಅಂಗೈ ಮುಂದೆ ಚಾಚಿ ಬಿದ್ದಳು.

ತಳ್ಳುಗಾಡಿಯ ತರಕಾರಿ ಅಣ್ಣ ಓಡಿಬಂದು ಅವಳನ್ನು ಎತ್ತಿ ಕೂರಿಸಿದರು. "ಕೈ ಅಲ್ಲಾಡಿಸಬೇಡಿ ಅಮ್ಮಾ, ಹಾಗೇ ಇರಲಿ" ಎಂದು ಸೆರಗಿನಲ್ಲೇ ಜೋಲಿ ಕಟ್ಟಿಸಿದರು. ಆಟೋದಲ್ಲಿ ಆಸ್ಪತ್ರೆ ಮುಟ್ಟುವವರೆಗೆ ಪ್ರತಿ ಕುಲುಕಿಗೂ ಅಮ್ಮ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ಬಾಯಿಂದ ಒಂದು ಶಬ್ದವಿಲ್ಲ. ಮಣಿಕಟ್ಟಿನ ಮೂಳೆ ಮುರಿದಿತ್ತು. ವಯಸ್ಸಾದ ಹೆಂಗಸರು ಅಂಗೈ ಊರಿ ಬಿದ್ದಾಗ ಹೆಚ್ಚಾಗಿ ಮುರಿಯುವುದು ಅದೇ ಜಾಗ ಎಂದರು ಡಾಕ್ಟರು. ಆರು ವಾರ ಪ್ಲಾಸ್ಟರ್, ಆಮೇಲೆ ಬೆರಳಿಗೆ ವ್ಯಾಯಾಮ. ಬಲಗೈ. ಹೂ ಕಟ್ಟುವ ಕೈ, ತಲೆ ಬಾಚಿಕೊಳ್ಳುವ ಕೈ. ಸ್ನಾನಕ್ಕೆ ನನ್ನನ್ನು ಕರೆಯಬೇಕಾಗಿ ಬಂದ ಮೊದಲ ದಿನ ಅವಳು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

ಆ ರಾತ್ರಿಯ ಪತ್ರದಲ್ಲಿ ಸಿಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ಅಧಿಕಾರಿಗಳು ದೋಣಿಯಲ್ಲಿ ಬಂದು ನಮ್ಮ ಬೀದಿ ನೋಡಲಿ ಎಂದು ಬರೆದಿದ್ದೆ. ಗುಂಡಿಗಳಿಗೆ ಹೂಮಾಲೆ ಹಾಕಿ ಉದ್ಘಾಟಿಸಲಿ, ಎಲ್ಲರೂ ಕಮಿಷನ್ ತಿಂದಿದ್ದಾರೆ, ಇವರಿಗೆ ತಾಯಂದಿರಿಲ್ಲವೇ ಎಂದೂ ಬರೆದಿದ್ದೆ. ಅಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಯಾವ ಬೀದಿ ಅಂತ ಎಲ್ಲಿ ಬರೆದಿದ್ದೀಯ?" ಎಂದಳು.

ಮಾರನೇ ಭಾನುವಾರ ಅಕ್ಕನ ಗಂಡ ಅಮ್ಮನನ್ನು ನೋಡಲು ಬಂದರು. ತುಮಕೂರಿನ ಕಡೆ ಡಾಂಬರು ಕೆಲಸದಲ್ಲಿ ಮೇಸ್ತ್ರಿಯಾಗಿ ದುಡಿದವರು. ನನ್ನ ಪತ್ರ ಓದಿ ಮಡಿಸಿಟ್ಟು, "ನಡಿ, ಗುಂಡಿ ನೋಡಿಕೊಂಡು ಬರೋಣ" ಎಂದರು. ನೀರು ಇಂಗಿತ್ತು. ಭಾವ ಅಂಚಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಕೈಯಾಡಿಸಿದರು.

"ಇದು ಮಳೆಯಿಂದ ಆದ ಗುಂಡಿ ಅಲ್ಲಮ್ಮ. ಮಳೆಗೆ ಕಿತ್ತು ಹೋದದ್ದು ದುಂಡಗೆ, ಅಡ್ಡಾದಿಡ್ಡಿಯಾಗಿ ಇರುತ್ತೆ. ಇದರ ಅಂಚು ನೋಡು, ಎರಡೂ ಕಡೆ ಹಗ್ಗ ಹಿಡಿದು ಗೆರೆ ಎಳೆದ ಹಾಗೆ ನೇರ. ರಸ್ತೆಗೆ ಅಡ್ಡಲಾಗಿ ಈ ಮನೆ ಗೇಟಿನಿಂದ ಆ ಮೋರಿವರೆಗೆ ಹೋಗಿದೆ. ಯಾರೋ ಪೈಪಿಗೋ ಕೇಬಲ್ಲಿಗೋ ಕಾಲುವೆ ಅಗೆದಿದ್ದಾರೆ."

ಆಮೇಲೆ ಅವರು ಹೇಳಿದ್ದನ್ನು ನಾನು ಇವತ್ತಿಗೂ ಯಾವ ಬೀದಿಗೆ ಹೋದರೂ ನೆಲ ನೋಡಿ ನೆನೆಸಿಕೊಳ್ಳುತ್ತೇನೆ. ಅಗೆದ ಕಾಲುವೆಯನ್ನು ಒಂದೊಂದು ಗೇಣಿನಷ್ಟು ಮಣ್ಣು ತುಂಬಿ, ನೀರು ಹದ ಮಾಡಿ, ದಿಮ್ಮಸು ಹಾಕಿ, ಗಟ್ಟಿಯಾದ ಮೇಲೆ ಮತ್ತೊಂದು ಪದರ ತುಂಬಬೇಕು. ಅದರ ಮೇಲೆ ಜಲ್ಲಿ, ಕೊನೆಗೆ ಡಾಂಬರು. ತೆಗೆದ ಮಣ್ಣನ್ನು ಒಂದೇ ಸಲ ಒಳಗೆ ತಳ್ಳಿ ಮೇಲೆ ತೆಳುವಾಗಿ ಡಾಂಬರು ಬಳಿದರೆ ಅವತ್ತಿಗೆ ಸಮವಾಗಿಯೇ ಕಾಣುತ್ತದೆ. ವಾಹನದ ಭಾರಕ್ಕೆ ಒಳಗಿನ ಮಣ್ಣು ಕೂರುತ್ತದೆ, ಮೇಲೆ ತಗ್ಗಾಗುತ್ತದೆ, ತಗ್ಗಿನಲ್ಲಿ ನೀರು ನಿಲ್ಲುತ್ತದೆ, ನಿಂತ ನೀರು ಜಲ್ಲಿಯನ್ನು ಡಾಂಬರಿನಿಂದ ಬಿಡಿಸುತ್ತದೆ. ಅಂಥ ಕಡೆ ಮೇಲಿನ ಗುಂಡಿಗೆ ಎಷ್ಟು ಸಲ ತೇಪೆ ಹಾಕಿದರೂ ನಿಲ್ಲುವುದಿಲ್ಲ.

"ಬೆಂಗಳೂರಲ್ಲಿ ರಸ್ತೆ ಅಗೆಯೋಕೆ ಅನುಮತಿ ತಗೋಬೇಕು, ಮತ್ತೆ ಸರಿ ಮಾಡೋ ಖರ್ಚಿಗೆ ದುಡ್ಡೂ ಕಟ್ಟಬೇಕು. ಅನುಮತಿ ಕೊಟ್ಟಿದ್ದರೆ ಯಾರಿಗೆ, ಯಾವತ್ತು ಅಂತ ಕಾಗದ ಇರುತ್ತೆ. ನೀನು ಅದನ್ನ ಕೇಳು" ಎಂದರು ಭಾವ.

ಮಗನ ಸ್ಕೇಲು ತಂದು ಅಳೆದೆವು. ಆಳ ಹದಿನಾಲ್ಕು ಸೆಂಟಿಮೀಟರ್. ಅಗಲ ನನ್ನ ಒಂದು ಹೆಜ್ಜೆಗಿಂತ ಸ್ವಲ್ಪ ಕಡಿಮೆ. ಎದುರಿಗಿನ ವಿದ್ಯುತ್ ಕಂಬ, ಮೂಲೆಯ ಬೇಕರಿ, ಎರಡೂ ಕಾಣುವ ಹಾಗೆ ಫೋಟೊ ತೆಗೆದೆ. ಪ್ಲೇಗ್ ಹಾವಳಿಯ ನಂತರ ಗಾಳಿ ಬೆಳಕು ಬರಲೆಂದು ನೇರ ಬೀದಿಗಳನ್ನು ಹಾಕಿ ಕಟ್ಟಿದ ಬಡಾವಣೆ ನಮ್ಮದು, ಹಳಬರ ಬಾಯಲ್ಲಿ ಈಗಲೂ ಫ್ರೇಜರ್ ಟೌನ್. ಅಂಥ ಬೀದಿಯಲ್ಲಿ ನೀರು ಎರಡು ಬದಿಯ ಮೋರಿಗೆ ಹರಿದು ಹೋಗಬೇಕು. ನಮ್ಮಲ್ಲಿ ಅದು ನಡುವಿನ ತಗ್ಗಿಗೆ ಬಂದು ನಿಲ್ಲುತ್ತದೆ.

ಎರಡನೇ ಪತ್ರಕ್ಕೆ ಕೂತಾಗ ದೋಣಿ, ಹೂಮಾಲೆ ಎರಡನ್ನೂ ತೆಗೆದೆ. ಅಂಥ ಮಾತು ಓದಿದವರು ನಕ್ಕು ಪುಟ ತಿರುಗಿಸುತ್ತಾರೆ, ಉತ್ತರ ಕೊಡಬೇಕಾದವರಿಗೆ ಉತ್ತರಿಸಲು ಅದರಲ್ಲಿ ಏನೂ ಇರುವುದಿಲ್ಲ. ಕಮಿಷನ್ ಮಾತು ತೆಗೆಯಲು ಮನಸ್ಸು ಬರಲಿಲ್ಲ. ಆದರೆ ನನ್ನ ಕೈಯಲ್ಲಿ ದಾಖಲೆ ಇಲ್ಲ, ದಾಖಲೆ ಇಲ್ಲದ ಆರೋಪವನ್ನು ಯಾವ ಸಂಪಾದಕರೂ ಅಚ್ಚು ಹಾಕಲಾರರು. ತಾಯಂದಿರಿಲ್ಲವೇ ಎಂಬ ಪ್ರಶ್ನೆಯ ಜಾಗದಲ್ಲಿ ನನ್ನ ತಾಯಿಯನ್ನೇ ಬರೆದೆ. ಓದುಗರ ಪತ್ರ ಉದ್ದವಾದರೆ ಕತ್ತರಿ ಬೀಳುತ್ತದೆ, ಅದಕ್ಕೇ ಕೇಳಿಕೆಯನ್ನು ಕೊನೆಗೆ ಉಳಿಸದೆ ನಡುವಿಗೇ ತಂದೆ. ಪತ್ರ ಹೀಗಿತ್ತು:

"ಸಂಪಾದಕರಿಗೆ ನಮಸ್ಕಾರ. ಪುಲಿಕೇಶಿನಗರದ ಮಾಸ್ಕ್ ರೋಡಿಗೆ ಸೇರುವ ನಮ್ಮ ಅಡ್ಡರಸ್ತೆಯಲ್ಲಿ, ಬೇಕರಿ ಮೂಲೆಯ ವಿದ್ಯುತ್ ಕಂಬದ ಎದುರು, ಕಾಲುವೆ ಅಗೆದು ಮುಚ್ಚಿದ ಜಾಗ ಹದಿನಾಲ್ಕು ಸೆಂಟಿಮೀಟರ್ ಕುಸಿದಿದೆ. ಮಳೆ ಬಂದಾಗ ನೀರು ತುಂಬಿ ಕಾಣುವುದಿಲ್ಲ. ಅಲ್ಲಿ ನನ್ನ ತಾಯಿ ಸ್ಕೂಟರಿನಿಂದ ಬಿದ್ದು ಬಲಗೈ ಮುರಿದುಕೊಂಡಿದ್ದಾರೆ. ಮೇಲೆ ತೇಪೆ ಹಾಕದೆ, ಸಡಿಲ ಮಣ್ಣು ಪೂರ್ತಿ ತೆಗೆದು, ಪದರ ಪದರವಾಗಿ ತುಂಬಿ ದಿಮ್ಮಸು ಮಾಡಿ ಡಾಂಬರು ಹಾಕಬೇಕೆಂದು ಕೇಳುತ್ತೇನೆ. ಈ ಕಾಲುವೆ ಅಗೆಯಲು ಯಾರಿಗೆ, ಯಾವಾಗ ಅನುಮತಿ ಕೊಡಲಾಗಿತ್ತು, ಮುಚ್ಚಿದ ಮೇಲೆ ಯಾರು ಪರೀಕ್ಷಿಸಿದರು ಎಂದು ಸಂಬಂಧಪಟ್ಟವರು ತಿಳಿಸಬೇಕು. ಬೆಂಗಳೂರಿನ ರಸ್ತೆಗುಂಡಿಗಳ ಬಗ್ಗೆ 2015ರಲ್ಲಿ ಸಲ್ಲಿಕೆಯಾದ ಅರ್ಜಿಯಲ್ಲಿ ಕರ್ನಾಟಕ ಹೈಕೋರ್ಟ್, ಸುಸ್ಥಿತಿಯ ರಸ್ತೆ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೆ ಸೇರಿದ್ದು ಮತ್ತು ಕೆಟ್ಟ ರಸ್ತೆಯಿಂದ ನೊಂದವರು ಪರಿಹಾರ ಕೇಳಬಹುದು ಎಂದು 2019ರಲ್ಲಿ ಹೇಳಿದೆ. ಇನ್ನೊಬ್ಬರು ಅಲ್ಲಿ ಬೀಳಬಾರದು. ನನಗೆ ತುಂಬ ಸಿಟ್ಟು ಬಂದಿದೆ, ಅದನ್ನೂ ಹೇಳುತ್ತಿದ್ದೇನೆ."

ಕೊನೆಯ ವಾಕ್ಯ ಬೇಡ ಎಂದರು ಭಾವ. ಇರಲಿ ಎಂದಳು ಅಮ್ಮ. ಉಳಿಸಿಕೊಂಡೆ.

ಪತ್ರ ಅಚ್ಚಾಯಿತು. ಕೆಲವು ದಿನ ಕಳೆದು ಕೆಲಸದವರು ಬಂದರು. ಅಗೆಯಲಿಲ್ಲ, ಕಸ ಗುಡಿಸಿ, ಡಾಂಬರು ಸಿಂಪಡಿಸಿ, ಬಿಸಿ ಮಿಶ್ರಣ ಸುರಿದು ರೋಲರ್ ಓಡಿಸಿದರು. ಬಿಸಿಲಲ್ಲಿ ದುಡಿದ ಆ ಹುಡುಗರ ಮೇಲೆ ನನಗೆ ದೂರಿಲ್ಲ, ಅವರಿಗೆ ಹೇಳಿದ ಕೆಲಸ ಅಷ್ಟೇ. ತೇಪೆ ಈಗಾಗಲೇ ಮೋರಿಯ ಕಡೆ ಒಂದು ಬೆರಳು ಇಳಿದಿದೆ. ಯಾರು ಅಗೆದರು, ಯಾರು ಪರೀಕ್ಷಿಸಿದರು ಎಂಬುದಕ್ಕೆ ಉತ್ತರ ಬಂದಿಲ್ಲ. ಸ್ಕೇಲಿನ ಹೊಸ ಫೋಟೊದೊಂದಿಗೆ ಅದೇ ಎರಡು ಪ್ರಶ್ನೆಗಳನ್ನು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಹಾಕಿದ್ದೇನೆ. ನಿಮ್ಮ ಬೀದಿಯಲ್ಲೂ ನೇರ ಅಂಚಿನ ತಗ್ಗು ಕಂಡರೆ ದಯವಿಟ್ಟು ತೇಪೆ ಕೇಳಬೇಡಿ, ಅಗೆದವರ ಹೆಸರು ಕೇಳಿ.