ಒಂದು ನಿಮಿಷಕ್ಕೆ ಐದು ದಿನ

ಧಾರವಾಡದಲ್ಲಿ ನಾನು ಪಿಎಚ್‌ಡಿಗೆ ಓದುತ್ತಿರುವುದು ಹಳಗನ್ನಡದ ಶಾಸ್ತ್ರಕೃತಿಗಳನ್ನು. ಅವುಗಳಲ್ಲಿ ಒಂದು ‘ಜಾತಕತಿಲಕ’. ಚಾಲುಕ್ಯ ದೊರೆ ಆಹವಮಲ್ಲ ಸೋಮೇಶ್ವರನ ಕಾಲದಲ್ಲಿ, 1049ರಲ್ಲಿ, ನರಿಗುಂದದ ಶ್ರೀಧರಾಚಾರ್ಯ ಬರೆದದ್ದು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಜ್ಯೋತಿಷ ಗ್ರಂಥಗಳಲ್ಲಿ ಇದೇ ಮೊದಲನೆಯದು. ನರಿಗುಂದ ಎಂದರೆ ಇವತ್ತಿನ ನರಗುಂದ, ನನ್ನೂರು ರೋಣದಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ. ನಾನು ನೋಡುವುದು ಆ ಪುಸ್ತಕದ ಭಾಷೆಯನ್ನು: ಸಂಸ್ಕೃತದ ಪರಿಭಾಷೆಯನ್ನು ಕವಿ ಎಲ್ಲಿ ಹಾಗೇ ಇಟ್ಟುಕೊಂಡ, ಎಲ್ಲಿ ಕನ್ನಡಕ್ಕೆ ತಿರುಗಿಸಿದ ಎಂಬುದನ್ನು. ನಮ್ಮ ಓಣಿಯಲ್ಲಿ ಇದು ‘ಹುಡುಗಿ ಜಾತಕದ ಮ್ಯಾಲೆ ಡಾಕ್ಟರ್ ಆಗಾಕತ್ತಾಳ’ ಎಂದಾಗಿ, ಅಲ್ಲಿಂದ ಗಜೇಂದ್ರಗಡದ ದೊಡ್ಡವ್ವನ ಮನೆಗೆ ಹೋಗಿ, ಕೊನೆಗೆ ಸಿಯಾಟಲ್ ಮುಟ್ಟಿತು.

ಅಲ್ಲಿ ದೊಡ್ಡವ್ವನ ಮಗ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ವಯಸ್ಸು ನಲವತ್ಮೂರು. ಹೋಗಿ ಹದಿನೇಳು ವರ್ಷವಾಯಿತು. ಅವನ ಮೆಸೇಜು ಹೀಗಿತ್ತು: ‘ತಂಗಿ, ನನ್ನ ಜಾತಕದಾಗ ಊರಿಗೆ ವಾಪಸ್ ಬರೂ ಯೋಗ ಐತೇನು ನೋಡು. ಎರಡು ಆ್ಯಪ್ ಎರಡು ನಮೂನಿ ಹೇಳಾಕತ್ತಾವು.’ ಕೆಳಗೆ ಹುಟ್ಟಿದ ತಾರೀಖು, ಬೆಳಿಗ್ಗೆ 5-30, ಗಜೇಂದ್ರಗಡ. ಅದರ ಕೆಳಗೆ ಹೆಂಡತಿಯದು, ಮಗಳದು. ಬ್ಯಾಂಕಿನವರು ಫೋನಿನಲ್ಲಿ ಗುರುತು ಹಿಡಿಯಲು ಕೇಳುವುದೂ ಹೆಚ್ಚುಕಡಿಮೆ ಇವನ್ನೇ. ಪಾಸ್‌ವರ್ಡನ್ನು ಯಾರಿಗೂ ಹೇಳದವರು ಇವನ್ನು ಕಂಡಕಂಡ ಆ್ಯಪಿಗೆ ಬರೆದುಕೊಡುತ್ತಾರೆ. ಅವನ ಒಪ್ಪಿಗೆ ಇದ್ದರೂ ಇಲ್ಲಿ ತಾರೀಖು ಬರೆಯುತ್ತಿಲ್ಲ. ಬಸವ ಜಯಂತಿಯ ಹಿಂದಿನ ದಿನ ಎಂದಿಷ್ಟೇ ಹೇಳುತ್ತೇನೆ. ವಾರ, ತಿಥಿ, ನಕ್ಷತ್ರ ನೋಡುವುದನ್ನು ಒಲ್ಲೆವೆಂದ ಶರಣರ ಹಬ್ಬದ ಪಕ್ಕದಲ್ಲೇ ಹುಟ್ಟಿದವನ ಜಾತಕವಿದು.

ಫಲ ಹೇಳಲು ನನಗೆ ಬರುವುದಿಲ್ಲ, ನಂಬಿಕೆಯೂ ಇಲ್ಲ. ಆದರೆ ಲೆಕ್ಕ ಬರುತ್ತದೆ. ಅವನಿಗೆ ಬೇಕಾದದ್ದೂ ಮೊದಲು ಲೆಕ್ಕವೇ. ಒಂದು ಆ್ಯಪ್ ಪ್ರಕಾರ ಅವನ ರಾಹು ದಶೆ ಇನ್ನೊಂದು ವರ್ಷಕ್ಕೆ ಮುಗಿಯುತ್ತದೆ. ಇನ್ನೊಂದರ ಪ್ರಕಾರ ಅದು ಮುಗಿದು ವರ್ಷದ ಮೇಲಾಗಿದೆ. ರಾಹು ಎಂದರೆ ಪರದೇಶ, ಗುರು ಬಂದರೆ ಮನೆ ಎಂದು ಯಾರೋ ಅವನ ತಲೆಯಲ್ಲಿ ಕೂರಿಸಿದ್ದರು. ಮಗಳು ಮುಂದಿನ ವರ್ಷ ಹೈಸ್ಕೂಲಿಗೆ ಸೇರುತ್ತಾಳೆ. ಅಲ್ಲಿ ಸೇರಿಸಿದರೆ ಇನ್ನು ನಾಲ್ಕು ವರ್ಷ ಅಲುಗಾಡುವಂತಿಲ್ಲ. ಇಲ್ಲಿ ಎಪ್ಪತ್ತೊಂದರ ದೊಡ್ಡವ್ವ ಮೊಣಕಾಲು ಹಿಡಿದುಕೊಂಡು ಒಬ್ಬಳೇ ಇದ್ದಾಳೆ. ಹಾಗಾಗಿ ಆ ಒಂದು ತಾರೀಖಿನ ಮೇಲೆ ಅವನು ಬಹಳ ಭಾರ ಹೊರಿಸಿದ್ದ.

ಈ ದಶೆಗಳು ಹುಟ್ಟುವುದು ಚಂದ್ರನಿಂದ. ಹುಟ್ಟಿದ ಹೊತ್ತಿಗೆ ಚಂದ್ರ ಯಾವ ನಕ್ಷತ್ರದಲ್ಲಿದ್ದನೋ ಆ ನಕ್ಷತ್ರದ ಒಡೆಯನ ದಶೆಯಿಂದ ಬದುಕು ಶುರು. ನಕ್ಷತ್ರದಲ್ಲಿ ಚಂದ್ರ ದಾಟಬೇಕಾದ ಭಾಗ ಎಷ್ಟು ಉಳಿದಿದೆಯೋ ದಶೆಯಲ್ಲಿಯೂ ಅಷ್ಟೇ ಪಾಲು ಉಳಿದಿರುತ್ತದೆ. ಒಂದು ನಕ್ಷತ್ರವೆಂದರೆ 13 ಡಿಗ್ರಿ 20 ಕಲೆ, ಅಂದರೆ 800 ಕಲೆ. ಅಣ್ಣನದು ಭರಣಿ, ಅದರ ಒಡೆಯ ಶುಕ್ರ, ಶುಕ್ರನಿಗೆ 20 ವರ್ಷ. ಮೊದಲನೆಯ ಆ್ಯಪಿನ ಲೆಕ್ಕದಲ್ಲಿ ಚಂದ್ರ ಮೇಷದ 24 ಡಿಗ್ರಿ 40 ಕಲೆಯಲ್ಲಿದ್ದ. ಭರಣಿ ಮುಗಿಯಲು 120 ಕಲೆ ಬಾಕಿ. 800ರಲ್ಲಿ 120 ಎಂದರೆ 20 ವರ್ಷದಲ್ಲಿ ಮೂರು ವರ್ಷ. ಅದಾದ ಮೇಲೆ ರವಿಗೆ 6, ಚಂದ್ರನಿಗೆ 10, ಕುಜನಿಗೆ 7. ಅಲ್ಲಿಗೆ ಇಪ್ಪತ್ತಾರು. ಮುಂದಿನ 18 ವರ್ಷ ರಾಹು. ನಲವತ್ನಾಲ್ಕು ತುಂಬಿದಾಗ ಗುರು.

ಎರಡನೆಯ ಆ್ಯಪ್ ತಪ್ಪೇನೂ ಮಾಡಿರಲಿಲ್ಲ. ಅದರ ಸೆಟ್ಟಿಂಗಿನಲ್ಲಿ ಅಯನಾಂಶ ಬೇರೆ ಇತ್ತು, ಅಷ್ಟೇ. ನಕ್ಷತ್ರಚಕ್ರದ ಸೊನ್ನೆಯನ್ನು ಎಲ್ಲಿಂದ ಎಣಿಸಬೇಕು ಎಂಬುದರಲ್ಲಿ ಪಂಚಾಂಗದವರಿಗೆ ಒಮ್ಮತವಿಲ್ಲ. ಮೇಘನಾದ ಸಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರ ತನ್ನ ವರದಿಯಲ್ಲಿ ಒಪ್ಪಿದ್ದು, ಇವತ್ತು ಹೆಚ್ಚಿನವರು ಬಳಸುವುದು, ಲಾಹಿರಿ ಅಯನಾಂಶ. ಬೆಂಗಳೂರಿನ ಬಿ.ವಿ. ರಾಮನ್ ತಮ್ಮದೇ ಇನ್ನೊಂದನ್ನು ಇಟ್ಟುಕೊಂಡಿದ್ದರು. ಅವರ ಅನುಯಾಯಿಗಳು ಈಗಲೂ ಅದನ್ನೇ ಹಿಡಿಯುತ್ತಾರೆ. ಎರಡಕ್ಕೂ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸ. ಆಕಾಶ ನೋಡುವವರಿಗೆ ಇದು ಚಂದ್ರಬಿಂಬದ ಮೂರು ಅಗಲ. ಅಣ್ಣನ ದಶೆಗೆ ಇದು ಎರಡು ವರ್ಷ ಎರಡು ತಿಂಗಳು. ರಾಮನ್ ಲೆಕ್ಕದಲ್ಲಿ ಅವನ ಚಂದ್ರ ಭರಣಿಯ ಅಂಚಿಗೆ ಬಂದುಬಿಟ್ಟಿದ್ದಾನೆ. ಶುಕ್ರ ದಶೆ ಉಳಿದದ್ದು ಹತ್ತೇ ತಿಂಗಳು. ರಾಹು ಮುಗಿದದ್ದು ನಲವತ್ತೊಂದು ವರ್ಷ ಹತ್ತು ತಿಂಗಳಿಗೆ.

ಇದನ್ನು ಬರೆದು ಕಳಿಸಿದಾಗ ಅವನು ಸಾಫ್ಟ್‌ವೇರಿನವರ ಹಾಗೆ ಸರಿಯಾದ ಪ್ರಶ್ನೆಯನ್ನೇ ಕೇಳಿದ: ‘ಹಂಗಾರ ಆಗಿಹೋಗಿದ್ದಕ್ಕ ತಾಳೆ ಹಾಕಿ ನೋಡೂಣು. ಯಾವುದು ಕೂಡತೈತೋ ಅದು ಖರೆ.’ ಜ್ಯೋತಿಷಿಗಳೂ ಮಾಡುವುದು ಇದನ್ನೇ. ಹಾಕಿ ನೋಡಿದೆವು. ಲಾಹಿರಿಯಲ್ಲಿ ರಾಹು ಶುರುವಾದದ್ದು ಇಪ್ಪತ್ತಾರಕ್ಕೆ. ಅವನು ಅಮೆರಿಕದ ವಿಮಾನ ಹತ್ತಿದ್ದು ಆ ವಯಸ್ಸಿನಲ್ಲೇ. ರಾಮನ್ ಪ್ರಕಾರ ಇಪ್ಪತ್ಮೂರು ವರ್ಷ ಹತ್ತು ತಿಂಗಳಿಗೆ. ಅವನು ಗಜೇಂದ್ರಗಡ ಬಿಟ್ಟು ಬೆಂಗಳೂರಿನ ಮೊದಲ ಕೆಲಸಕ್ಕೆ ಸೇರಿದ್ದು ಹೆಚ್ಚುಕಡಿಮೆ ಆಗ. ಊರು ಬಿಟ್ಟದ್ದು ಯಾವಾಗ, ಬೆಂಗಳೂರಿಗೆ ಹೋದಾಗಲೋ ಸಿಯಾಟಲ್‌ಗೆ ಹೋದಾಗಲೋ? ಇಪ್ಪತ್ತರಿಂದ ಮೂವತ್ತರ ನಡುವೆ ನಮ್ಮ ಕಡೆಯ ಓದಿದ ಹುಡುಗರ ಬದುಕಿನಲ್ಲಿ ಎರಡೆರಡು ವರ್ಷಕ್ಕೊಂದು ದೊಡ್ಡ ಸಂಗತಿ ನಡೆದೇ ಇರುತ್ತದೆ. ಯಾವ ಅಯನಾಂಶ ಇಟ್ಟರೂ ಯಾವುದೋ ಒಂದು ಬಂದು ಕೂಡುತ್ತದೆ.

ಇನ್ನು 5-30 ಎಂಬ ಹೊತ್ತಿನ ಮಾತು. ಚಂದ್ರ ಒಂದು ನಕ್ಷತ್ರ ದಾಟಲು ಸುಮಾರು ಒಂದು ದಿನ, ಅಂದರೆ 1,440 ನಿಮಿಷ. ಆ ಒಂದು ದಿನವನ್ನು ಶುಕ್ರನ 20 ವರ್ಷಕ್ಕೆ ಹಿಗ್ಗಿಸುತ್ತೇವೆ. ಹುಟ್ಟಿದ ಹೊತ್ತಿನ ಒಂದು ನಿಮಿಷಕ್ಕೆ ದಶೆಯಲ್ಲಿ ಐದು ದಿನ, ಒಂದು ಗಂಟೆಗೆ ಹತ್ತು ತಿಂಗಳು. ಆ್ಯಪು ‘ಇಂಥ ತಾರೀಖಿಗೆ ರಾಹು ಮುಕ್ತಾಯ’ ಎಂದು ದಿನವನ್ನೇ ಹೇಳಬೇಕಾದರೆ ಸೂಲಗಿತ್ತಿಯ ಕೈಯಲ್ಲಿ ನಿಮಿಷ ತೋರಿಸುವ ಗಡಿಯಾರ ಇರಬೇಕಿತ್ತು. ಊರಿನ ಹೆಸರು ಸಿಗದಿದ್ದರೆ ಪಕ್ಕದ್ದು ಹಾಕಬಹುದೇ ಎಂದೂ ಅವನು ಕೇಳಿದ್ದ. ಧಾರಾಳವಾಗಿ ಹಾಕಬಹುದು. ನರಗುಂದಕ್ಕೂ ಗಜೇಂದ್ರಗಡಕ್ಕೂ ಸೂರ್ಯ ಹುಟ್ಟುವುದರಲ್ಲಿ ಎರಡು ನಿಮಿಷದ ಮೇಲೆ ಸ್ವಲ್ಪ ಅಂತರ, ರೋಣ ಅವೆರಡರ ನಡುವೆ. ಗಡಿಯಾರ ಮೂರೂ ಊರಿಗೆ ಒಂದೇ ಆದ್ದರಿಂದ ಚಂದ್ರನ ಲೆಕ್ಕ ಬದಲಾಗುವುದಿಲ್ಲ. ಕೆಡುವುದು ಊರಿನಿಂದಲ್ಲ, ಹೊತ್ತಿನಿಂದ.

ಹೊತ್ತು ಗೊತ್ತಿರುವುದು ದೊಡ್ಡವ್ವನಿಗೆ ಮಾತ್ರ. ಒಂದು ಭಾನುವಾರ ಗಜೇಂದ್ರಗಡಕ್ಕೆ ಹೋದೆ. ದೊಡ್ಡಪ್ಪನ ಡೈರಿಯಲ್ಲಿ 5-30 ಎಂದೇ ಇದೆ, ದುಂಡು ಅಕ್ಷರದಲ್ಲಿ, ಸಾವಕಾಶವಾಗಿ, ಮಾರನೆಯ ದಿನ ಬರೆದ ಹಾಗೆ. ದೊಡ್ಡವ್ವ ನಕ್ಕಳು. ‘ಅವ್ರು ಎಲ್ಲಿದ್ರು ಯವ್ವಾ? ಸೂಲಗಿತ್ತಿನ್ನ ಕರ್ಕೊಂಡು ಬಂದು ಹೊರಗ ಕಟ್ಟಿ ಮ್ಯಾಲೆ ಕುಂತಿದ್ರು. ಕೋಳಿ ಕೂಗಿ ಬಾಳೊತ್ತಾಗಿತ್ತು. ಬೆಳಕು ಹರದಿರಲಿಲ್ಲ, ಆದ್ರ ದೀಪ ಇಲ್ಲದನ ಕೂಸಿನ ಮಾರಿ ಕಂಡಿತ್ತು ನನಗ.’ ಬಸವ ಜಯಂತಿಯ ದಿನಗಳಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಆರು ದಾಟಿದ ಮೇಲೆ. ಅವಳ ಮಾತಿನಿಂದ ಐದರಿಂದ ಆರರೊಳಗೆ ಎಂದು ಹಿಡಿಯಬಹುದು, ಅದಕ್ಕಿಂತ ಸಣ್ಣದು ಮಾಡಲಾಗುವುದಿಲ್ಲ. ಹೆಸರು ಇಡುವಾಗ ಭರಣಿಯ ನಾಲ್ಕನೆಯ ಪಾದವೆಂದು ‘ಲೋ’ ಅಕ್ಷರ ಬಂದಿತ್ತಂತೆ. ಆದರೆ ಒಂದು ಪಾದವೆಂದರೆ ಆರು ತಾಸು, ಅದರಿಂದ ಏನೂ ಬಿಗಿಯಾಗುವುದಿಲ್ಲ.

ಆ ಒಂದು ತಾಸಿನೊಳಗೆ ಇನ್ನೊಂದು ತೊಡಕಿದೆ. ಲಗ್ನ ಎರಡು ತಾಸಿಗೊಮ್ಮೆ ಬದಲಾಗುತ್ತದೆ. ಆ ದಿನ ಮೀನ ಹೋಗಿ ಮೇಷ ಬಂದದ್ದು 5-40ರ ಸುಮಾರಿಗೆ. ಡೈರಿಯನ್ನು ನಂಬಿದರೆ ಅಣ್ಣನದು ಮೀನ ಲಗ್ನ, ಗುರು ಲಗ್ನಕ್ಕೂ ಹತ್ತನೆಯ ಮನೆಗೂ ಒಡೆಯ. ಹತ್ತು ನಿಮಿಷ ತಡವಾಗಿದ್ದರೆ ಮೇಷ. ಆಗ ಅದೇ ಗುರು ಒಂಬತ್ತಕ್ಕೂ ಹನ್ನೆರಡಕ್ಕೂ ಒಡೆಯ. ಹನ್ನೆರಡು ಎಂದರೆ ವ್ಯಯದ ಮನೆ. ಇವತ್ತಿನ ಜ್ಯೋತಿಷಿಗಳು ಪರದೇಶವಾಸ ನೋಡುವುದು ಅಲ್ಲೇ. ಅಂದಮೇಲೆ ‘ಗುರು ಬಂದರೆ ಮನೆ’ ಎಂಬ ಮಾತು ಅವರದೇ ನಿಯಮದಲ್ಲಿ ತಿರುಗಿ ‘ಗುರು ಬಂದರೆ ಅಲ್ಲೇ ಬೇರು’ ಎಂದೂ ಆಗಬಹುದು.

ಅಣ್ಣನಿಗೆ ಬರೆದದ್ದು ಇಷ್ಟು: ನಿನ್ನ ರಾಹು ದಶೆ ಮುಗಿಯುವುದು ನಲವತ್ತೊಂದು ವರ್ಷ ಐದು ತಿಂಗಳಿಗೂ ನಲವತ್ನಾಲ್ಕು ವರ್ಷ ಐದು ತಿಂಗಳಿಗೂ ನಡುವೆ ಎಲ್ಲಾದರೂ ಇರಬಹುದು. ಮೂರು ವರ್ಷದ ಅಗಲ. ನೀನು ಈಗ ಅದರ ನಟ್ಟನಡುವೆ ನಿಂತಿದ್ದೀ. ಮಗಳ ಶಾಲೆ ಮಾತ್ರ ಬರುವ ಸೆಪ್ಟೆಂಬರಿಗೇ ಶುರು.

ನನ್ನ ಓದಿನಲ್ಲಿ ಬಂದ ಇನ್ನೊಂದು ಸಂಗತಿಯನ್ನು ಅವನಿಗೆ ಬರೆಯಲಿಲ್ಲ. ವರಾಹಮಿಹಿರನ ಮಗ ಪೃಥುಯಶಸ್ಸಿನದೆನ್ನುವ ‘ಷಟ್‌ಪಂಚಾಶಿಕಾ’ ಎಂಬ ಚಿಕ್ಕ ಪ್ರಶ್ನಗ್ರಂಥವಿದೆ. ಹೋದವನು ಬರುವನೇ, ಯಾವಾಗ ಬರುವನು ಎಂಬುದಕ್ಕೆಂದೇ ಅದರಲ್ಲಿ ಭಾಗಗಳಿವೆ. ಅಲ್ಲಿ ಹುಟ್ಟಿದ ಹೊತ್ತು ಬೇಕಿಲ್ಲ, ಕೇಳಿದ ಹೊತ್ತು ಸಾಕು. ಏಕೆಂದರೆ ಕೇಳುವವರು ಮನೆಯಲ್ಲಿ ಉಳಿದವರು, ಹೋದವನಲ್ಲ. ಹೋದವನೇ ‘ನಾನು ಬರುತ್ತೇನೆಯೇ’ ಎಂದು ಕೇಳುವುದು ನಮ್ಮ ಕಾಲದ ಪ್ರಶ್ನೆ ಎಂದು ನನಗೆ ಕಾಣುತ್ತದೆ.

ಅದಕ್ಕೇ ದೊಡ್ಡವ್ವನನ್ನು ಕೇಳಿದ್ದೆ, ನೀನು ಯಾರ ಹತ್ತಿರವಾದರೂ ಕೇಳಿಸಿದ್ದೀಯಾ ಎಂದು.

‘ಇಲ್ಲವ್ವಾ. ಬರೂದಿಲ್ಲ ಅಂದ್ರ ಏನ್ ಮಾಡ್ಲಿ?’ ಎಂದಳು. ಸ್ವಲ್ಪ ಹೊತ್ತು ಬಿಟ್ಟು ತಾನೇ ಹೇಳಿದಳು: ‘ಬಂದ್ರೂ ಬೆಂಗಳೂರಿಗೆ ಬರ್ತಾನ. ಅವನ ಕೆಲಸ ಇಲ್ಲೆಲ್ಲೈತಿ? ನಾ ಬೆಂಗಳೂರಿಗೆ ಹೋಗಾಕಿ ಅಲ್ಲ. ಅಲ್ಲಿಂದ ಬಂದರೂ ರಾತ್ರಿ ಬಸ್ಸು, ಇಲ್ಲಿಂದ ಹೋದರೂ ರಾತ್ರಿ ಬಸ್ಸು.’ ಇದನ್ನು ಅವನಿಗೆ ಹೇಳಿದ್ದೀಯಾ ಎಂದರೆ, ಅವನು ಕೇಳಿಲ್ಲ ಎಂದಳು. ನಾಲ್ಕನೆಯ ಮನೆ ತಾಯಿಗೂ ಒಂದೇ, ಮನೆಗೂ ಒಂದೇ. ಬೆಂಗಳೂರನ್ನೂ ಗಜೇಂದ್ರಗಡವನ್ನೂ ಬೇರೆ ಮಾಡಿ ತೋರಿಸುವ ಮನೆ ಕುಂಡಲಿಯಲ್ಲಿಲ್ಲ.

ಹೊರಡುವಾಗ ಮೇಲ್ಮುದ್ದೆಯ ಮೂಲೆಯೊಂದನ್ನು ತೋರಿಸಿದಳು. ಹೋದ ಮಳೆಗಾಲದಲ್ಲಿ ಸೋರಿ ತೊಲೆ ಕಪ್ಪಾಗಿತ್ತು. ಮಣ್ಣು ತೆಗೆಸಿ ಹೊಸದಾಗಿ ಹಾಕಿಸಬೇಕೋ, ಇಲ್ಲಾ ಕೆಡವಿ ಸ್ಲ್ಯಾಬ್ ಹಾಕಿಸಬೇಕೋ ಎಂದು ಗೌಂಡಿ ಎರಡು ಸಲ ಬಂದು ಕೇಳಿ ಹೋಗಿದ್ದಾನಂತೆ. ‘ರೋಹಿಣಿ ಮಳಿಗಿಂತ ಮೊದಲ ಹೇಳಬೇಕವ್ವಾ ಅವಗ. ಇಷ್ಟು ಕೇಳಿ ಹೇಳು ನಿಮ್ಮಣ್ಣಗ: ಮಣ್ಣೋ, ಸ್ಲ್ಯಾಬೋ?’